ಫ್ರಂಟ್ ಲೋಡ್ ಮಷಿನ್ನಿನ ಮುಗ್ಗಲು ವಾಸನೆ: ಮೂಲ ಎಲ್ಲಿದೆ, ಮದ್ದು ಏನು

ಫ್ರಂಟ್ ಲೋಡ್ ವಾಷಿಂಗ್ ಮಷಿನ್ನಿನ ಬಾಗಿಲು ತೆಗೆದೊಡನೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆ ಒಳಗೆ ಬೆಳೆದಿರುವ ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳದ್ದು. ಬಾಗಿಲ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ಮೇಲೆ ಕಪ್ಪು ಚುಕ್ಕೆಗಳು ಕಾಣುವುದರಿಂದ ಹೆಚ್ಚಿನ ಮನೆಗಳಲ್ಲಿ ಅದನ್ನಷ್ಟೇ ತಿಕ್ಕಿ ತೊಳೆಯುತ್ತಾರೆ. ಕೆಲವು ದಿನ ವಾಸನೆ ಅಡಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ಗ್ಯಾಸ್ಕೆಟ್ ಮೇಲಿನ ಬೂಷ್ಟು ಆ ಬೆಳವಣಿಗೆಯ ಕಣ್ಣಿಗೆ ಕಾಣುವ ಅಂಚು ಮಾತ್ರ. ಅದರ ದೊಡ್ಡ ಪಾಲು ಕೈಗೆ ಎಟುಕದ ಜಾಗದಲ್ಲಿರುತ್ತದೆ.

ಆ ಜಾಗ ಯಾವುದೆಂದು ತಿಳಿಯಲು ಯಂತ್ರದ ರಚನೆ ನೋಡಬೇಕು. ಬಟ್ಟೆ ತಿರುಗುವ ಸ್ಟೀಲ್ ಡ್ರಮ್ಮಿನ ಹೊರಗೆ, ನೀರನ್ನು ಹಿಡಿದಿಡುವ ಇನ್ನೊಂದು ಪ್ಲಾಸ್ಟಿಕ್ ತೊಟ್ಟಿ ಇರುತ್ತದೆ. ಡ್ರಮ್ಮಿನ ತೂತುಗಳ ಮೂಲಕ ನೀರು ಎರಡರ ನಡುವೆ ಓಡಾಡುತ್ತದೆ. ಒಗೆತ ಮುಗಿದ ಮೇಲೂ ತೊಟ್ಟಿಯ ತಳದಲ್ಲಿ, ಪಂಪಿನಲ್ಲಿ, ಅದರ ಮುಂದಿನ ಫಿಲ್ಟರಿನಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಟಾಪ್ ಲೋಡ್ ಮಷಿನ್ನಿಗೆ ಮುಚ್ಚಳ ಬಿಗಿಯಾಗಿರಬೇಕಾಗಿಲ್ಲ, ಒಳಗಿನ ತೇವ ಮೇಲಕ್ಕೆ ಹೋಗಿಬಿಡುತ್ತದೆ. ಫ್ರಂಟ್ ಲೋಡ್‌ನಲ್ಲಿ ಬಾಗಿಲು ನೀರಿನ ಮಟ್ಟಕ್ಕೆ ಹತ್ತಿರವಿರುವುದರಿಂದ ಅದು ಒಂದು ಹನಿಯೂ ಸೋರದಂತೆ ಮುಚ್ಚಿಕೊಳ್ಳಬೇಕು. ನೀರನ್ನು ಒಳಗೆ ತಡೆಯುವ ಅದೇ ಗ್ಯಾಸ್ಕೆಟ್ ತೇವವನ್ನೂ ಒಳಗೇ ತಡೆಯುತ್ತದೆ. ಅದರ ಕೆಳಭಾಗದ ಮಡಿಕೆಯಲ್ಲಿ ನೀರು, ನೂಲಿನ ಜುಂಗು, ತಲೆಗೂದಲು ಸೇರಿಕೊಳ್ಳುತ್ತವೆ.

ತೇವ ಸಿಕ್ಕರೆ ಸಾಲದು, ಬೂಷ್ಟಿಗೆ ಆಹಾರವೂ ಬೇಕು. ಅದನ್ನು ಒದಗಿಸುವುದು ಮೈಯಿಂದ ಬಟ್ಟೆಗೆ ಹತ್ತಿದ ಎಣ್ಣೆ, ಸತ್ತ ಚರ್ಮದ ಕಣಗಳು ಮತ್ತು ಪೂರ್ತಿ ಕರಗದೆ ಉಳಿದ ಸೋಪು. ಫ್ರಂಟ್ ಲೋಡ್ ಮಷಿನ್ ಕಡಿಮೆ ನೀರಿನಲ್ಲಿ ಒಗೆಯುವುದರಿಂದ ಅಳತೆ ಮೀರಿ ಹಾಕಿದ ಸೋಪು ತೊಳೆದುಹೋಗದೆ ತೊಟ್ಟಿಯ ಗೋಡೆಗೆ ಅಂಟುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಫ್ಯಾಬ್ರಿಕ್ ಕಂಡೀಷನರ್ ಅದರ ಮೇಲೆ ಇನ್ನೊಂದು ಜಿಡ್ಡಿನ ಪದರ ಹಚ್ಚುತ್ತದೆ. ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳು ಈ ಜಿಡ್ಡಿನಲ್ಲಿ ಲೋಳೆಯ ಪದರವಾಗಿ ಬೆಳೆಯುತ್ತವೆ. ತಣ್ಣೀರು ಅಥವಾ 30 ಡಿಗ್ರಿ ಸೆಲ್ಸಿಯಸ್‌ನ ಒಗೆತ ಇದನ್ನು ಕರಗಿಸುವುದಿಲ್ಲ, ಕೊಲ್ಲುವುದೂ ಇಲ್ಲ. ಲಿಕ್ವಿಡ್ ಸೋಪುಗಳಲ್ಲಿ ಸಾಮಾನ್ಯವಾಗಿ ಬ್ಲೀಚ್ ಇರದ ಕಾರಣ, ಸದಾ ಲಿಕ್ವಿಡ್ ಹಾಕಿ ತಣ್ಣೀರಿನಲ್ಲೇ ಒಗೆಯುವ ಮನೆಗಳಲ್ಲಿ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ.

ಬೆಂಗಳೂರಿನ ಕೊಳವೆಬಾವಿ ನೀರಿನ ಅಪಾರ್ಟ್‌ಮೆಂಟಿನಲ್ಲಿರುವ, ಎರಡು ವರ್ಷ ಹಳೆಯ ಯಂತ್ರವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಒಗೆದ ಟವೆಲ್ ಒಣಗಿದಾಗ ವಾಸನೆ ಇರುವುದಿಲ್ಲ, ಮೈ ಒರೆಸಿ ಒದ್ದೆಯಾದ ಕೂಡಲೇ ನಾರುತ್ತದೆ. ಬ್ಯಾಕ್ಟೀರಿಯಾ ಬಟ್ಟೆಗೂ ದಾಟಿದೆ ಎನ್ನುವುದಕ್ಕೆ ಇದು ಗುರುತು. ಮೊದಲು ವಾಸನೆಯ ಬಗೆಯನ್ನು ಗಮನಿಸಬೇಕು. ಕೊಳೆತ ಮೊಟ್ಟೆಯಂತೆ ನಾರಿದರೆ, ನೀರು ಹೊರಹೋಗುವ ಪೈಪಿನ ಮೂಲಕ ಬಚ್ಚಲಿನ ಗಾಳಿ ಹಿಂದಕ್ಕೆ ಬರುತ್ತಿರಬಹುದು. ಅದು ಪ್ಲಂಬರ್ ನೋಡಬೇಕಾದ ಕೆಲಸ. ಮುಚ್ಚಿಟ್ಟ ಒದ್ದೆ ಬಟ್ಟೆಯಂಥ ಮುಗ್ಗಲಾದರೆ ಇನ್ನೊಂದು ಪರೀಕ್ಷೆ ಇದೆ. ಬಟ್ಟೆ, ಸೋಪು ಯಾವುದನ್ನೂ ಹಾಕದೆ 60 ಡಿಗ್ರಿಯಲ್ಲಿ ಯಂತ್ರ ಓಡಿಸಿ, ಬಾಗಿಲ ಗಾಜಿನಲ್ಲಿ ನೋಡುವುದು. ಸೋಪು ಹಾಕದಿದ್ದರೂ ನೊರೆ ಎದ್ದರೆ, ತೊಟ್ಟಿಯೊಳಗೆ ಹಳೆಯ ಸೋಪು ಗಟ್ಟಿಕಟ್ಟಿದೆ ಎಂದೇ ಅರ್ಥ.

ಶುಚಿ ಮಾಡುವ ಕೆಲಸ ಫಿಲ್ಟರಿನಿಂದ ಶುರುವಾಗಬೇಕು. ಪ್ಲಗ್ ತೆಗೆದು, ಯಂತ್ರದೊಳಗಿನ ನೀರು ಆರಿದ ಮೇಲೆ, ಮುಂಭಾಗದ ಕೆಳಮೂಲೆಯ ಚಿಕ್ಕ ಮುಚ್ಚಳದ ಕೆಳಗೆ ಅಗಲವಾದ ತಟ್ಟೆ ಇಟ್ಟು ಫಿಲ್ಟರನ್ನು ನಿಧಾನವಾಗಿ ಬಿಚ್ಚಬೇಕು. ನಾಣ್ಯ, ಗುಂಡಿ, ಜುಂಗಿನ ಉಂಡೆ ಬಿದ್ದಿದ್ದರೆ ತೆಗೆದು ಬಿಗಿಯಾಗಿ ಮರಳಿ ಕೂರಿಸಬೇಕು. ಸೋಪು ಹಾಕುವ ಡ್ರಾಯರನ್ನು ಹೊರತೆಗೆದು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಅದರ ಗೂಡಿನ ಚಾವಣಿಯಲ್ಲೂ ಬೂಷ್ಟು ಹಿಡಿದಿರುತ್ತದೆ.

ನಂತರ ಗ್ಯಾಸ್ಕೆಟ್. ಮಡಿಕೆಯನ್ನು ಬೆರಳಿನಿಂದ ಬಿಡಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬೆಚ್ಚಗಿನ ನೀರಿನಿಂದ ಮೊದಲು ಜಿಡ್ಡು ಒರೆಸಬೇಕು. ಜಿಡ್ಡಿನ ಮೇಲೆ ಹಾಕಿದ ಬ್ಲೀಚ್ ಕೆಳಗಿರುವ ಬೂಷ್ಟಿಗೆ ತಲುಪುವುದಿಲ್ಲ. ಆಮೇಲೆ 1 ಪಾಲು ಬ್ಲೀಚಿಗೆ 10 ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯ ಪಟ್ಟಿಗಳನ್ನು ಮಡಿಕೆಯಲ್ಲಿ ಸುಮಾರು 20 ನಿಮಿಷ ಇಟ್ಟು ತೆಗೆದು, ನೀರಿನಿಂದ ಚೆನ್ನಾಗಿ ಒರೆಸಬೇಕು. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಬ್ಲೀಚ್ ಜತೆ ವಿನೆಗರ್, ನಿಂಬೆರಸ, ಸಿಟ್ರಿಕ್ ಆಮ್ಲ ಯಾವುದೂ ಸೇರಕೂಡದು. ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಕಣ್ಣಿಗೆ ಕಾಣದ ತೊಟ್ಟಿಯನ್ನು ತೊಳೆಯಲು ಇನ್ನೊಂದು ದಿನ ಹಿಡಿಯುವುದು ಒಳ್ಳೆಯದು. ಸುಮಾರು 100 ಗ್ರಾಂ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿಯನ್ನು ಖಾಲಿ ಡ್ರಮ್ಮಿಗೇ ಹಾಕಿ, ಡ್ರಮ್ ಕ್ಲೀನ್ ಪ್ರೋಗ್ರಾಮ್ ಅಥವಾ 60 ಡಿಗ್ರಿಗಿಂತ ಕಡಿಮೆಯಿಲ್ಲದ ಉದ್ದನೆಯ ಪ್ರೋಗ್ರಾಮ್ ಓಡಿಸಬೇಕು. ಈ ಪುಡಿ ಬಿಸಿನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಒಂದು ಬೂಷ್ಟನ್ನು ಕೊಲ್ಲುತ್ತದೆ, ಇನ್ನೊಂದು ಜಿಡ್ಡು ಕಳಚುತ್ತದೆ. ತಣ್ಣೀರಿನಲ್ಲಿ ಇದರ ಕೆಲಸ ತೀರಾ ನಿಧಾನ. ಮೊದಲ ಸಲಕ್ಕೆ ಬೂದುಬಣ್ಣದ ಚಕ್ಕೆಗಳು ಉದುರಿ ಬರುವುದುಂಟು; ಚಕ್ಕೆ ನಿಲ್ಲುವವರೆಗೆ ಮತ್ತೆ ಓಡಿಸಬೇಕು. ಕೊಳವೆಬಾವಿಯ ಗಡಸು ನೀರಾದರೆ ಸುಣ್ಣದ ಪದರವೂ ಕಟ್ಟಿರುತ್ತದೆ. ಅದರ ಒರಟು ಮೈಯಲ್ಲಿ ಲೋಳೆಗೆ ಹಿಡಿತ ಸಿಗುವುದರಿಂದ, ಕೆಲವು ತಿಂಗಳಿಗೊಮ್ಮೆ ಯಂತ್ರಕ್ಕೆಂದೇ ಮಾರುವ ಸುಣ್ಣ ತೆಗೆಯುವ ಪುಡಿಯನ್ನು, ಬ್ಲೀಚ್ ಬಳಸದ ದಿನ, ಬೇರೆಯಾಗಿ ಹಾಕಬೇಕು.

ಇಷ್ಟಾದ ಮೇಲೆ ವಾಸನೆ ಮರಳದಿರುವುದು ದಿನದ ರೂಢಿಯ ಮೇಲೆ ನಿಂತಿದೆ. ಒಗೆತ ಮುಗಿದ ಕೂಡಲೇ ಬಟ್ಟೆ ತೆಗೆದು, ಗ್ಯಾಸ್ಕೆಟ್ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸಿ, ಬಾಗಿಲನ್ನು ಓರೆ ಮಾಡಿ, ಡ್ರಾಯರನ್ನು ಅರ್ಧ ಎಳೆದಿಡಬೇಕು. ಪುಟ್ಟ ಮಕ್ಕಳು ಅಥವಾ ಬೆಕ್ಕು ಇರುವ ಮನೆಯಲ್ಲಿ ಯಂತ್ರವಿರುವ ಕೋಣೆಯ ಬಾಗಿಲು ಹಾಕಿರಬೇಕು, ಒಗೆಯುವ ಮುನ್ನ ಡ್ರಮ್ಮಿನೊಳಗೆ ಇಣುಕಿ ನೋಡಬೇಕು. ವಾರಕ್ಕೊಮ್ಮೆ ಟವೆಲ್, ಬೆಡ್‌ಶೀಟುಗಳನ್ನು 60 ಡಿಗ್ರಿಯಲ್ಲಿ ಒಗೆದರೆ ಬಟ್ಟೆಯೂ ತೊಟ್ಟಿಯೂ ಒಟ್ಟಿಗೆ ಶುಚಿಯಾಗುತ್ತವೆ. ಸೋಪು ಪೊಟ್ಟಣದಲ್ಲಿ ಹೇಳಿದ ಅಳತೆ ಮೀರಬಾರದು. ಕೊನೆಯ ಜಾಲಾಟದಲ್ಲೂ ನೊರೆ ಕಂಡರೆ ಮುಂದಿನ ಸಲ ಕಡಿಮೆ ಹಾಕಬೇಕು. ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು, ಖಾಲಿ ಯಂತ್ರವನ್ನು ಬಿಸಿನೀರಿನಲ್ಲಿ ಓಡಿಸಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಗಾಳಿಯೇ ತೇವವಾಗಿರುವುದರಿಂದ ಬಾಗಿಲು ತೆರೆದಿಟ್ಟರೂ ಒಳಗೆ ಒಣಗುವುದಿಲ್ಲ. ಆಗ ಒರೆಸುವ ಕೆಲಸ ತಪ್ಪಿಸುವಂತಿಲ್ಲ, ಖಾಲಿ ಓಟವನ್ನೂ ತಿಂಗಳಿಗೆ ಎರಡು ಸಲ ಮಾಡಬೇಕಾಗುತ್ತದೆ.

ತಿಕ್ಕಿದರೂ ಹೋಗದ ಕಪ್ಪು ಕಲೆ ಕಂಡರೆ ಗಾಬರಿಯಾಗಬೇಕಿಲ್ಲ. ಬೂಷ್ಟಿನ ಬಣ್ಣ ರಬ್ಬರಿನೊಳಕ್ಕೆ ಇಳಿದಿದ್ದರೆ ಬೂಷ್ಟು ಸತ್ತ ಮೇಲೂ ಕಲೆ ಉಳಿಯುತ್ತದೆ. ಅದನ್ನು ಹೋಗಲಾಡಿಸಲು ಮೇಲಿಂದ ಮೇಲೆ ಬ್ಲೀಚ್ ಹಾಕಿದರೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡಬಹುದು. ಗ್ಯಾಸ್ಕೆಟ್ ಬಿರಿದಿದ್ದರೆ, ಅಂಟಂಟಾಗಿದ್ದರೆ ಅಥವಾ ಬಾಗಿಲ ಕೆಳಗೆ ನೀರು ಜಿನುಗುತ್ತಿದ್ದರೆ ಮೆಕ್ಯಾನಿಕ್‌ನಿಂದ ಹೊಸದನ್ನು ಹಾಕಿಸಬೇಕು. ಎರಡು ಮೂರು ಬಿಸಿ ಓಟಗಳ ನಂತರವೂ ವಾಸನೆ ಹೋಗದಿದ್ದರೆ ತೊಟ್ಟಿಯ ಹಿಂಬದಿಯಲ್ಲಿ ದಪ್ಪ ಪದರ ಕಟ್ಟಿದೆ. ಆಗ ಯಂತ್ರ ಬಿಚ್ಚಿಸಿ ತೊಳೆಸುವುದೊಂದೇ ದಾರಿ.