ಅರಿಶಿನದ ಬೆಲೆ ಬಿದ್ದರೆ ರೈತ ಏನು ಮಾಡಬೇಕು?

ವೆಸ್ಟ್ ಮಾಂಬಲಂನಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಸಿಗುವ ಅರಿಶಿನ ಹೆಚ್ಚಾಗಿ ಈರೋಡಿನಿಂದ ಬರುತ್ತದೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ರೈತರೂ ತಮ್ಮ ಬೆಳೆಯನ್ನು ಅಲ್ಲಿಗೇ ಒಯ್ಯುತ್ತಾರೆ. ಮೇ-ಜೂನ್‌ನಲ್ಲಿ ನೆಟ್ಟ ಅರಿಶಿನ ಕೈಗೆ ಬರುವುದು ಜನವರಿ ದಾಟಿದ ಮೇಲೆ. ಅಷ್ಟರಲ್ಲಿ ಬೆಲೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ.

ಈ ಭಯಕ್ಕೆ ಒಂದು ದಾರಿ ವಾಯಿದಾ ಸೌದಾ, ಅಂದರೆ ಫ್ಯೂಚರ್ಸ್. ಎನ್‌ಸಿಡಿಇಎಕ್ಸ್ ಎಂಬ ವಿನಿಮಯ ಕೇಂದ್ರದಲ್ಲಿ ಅರಿಶಿನದ ಸೌದಾ ನಡೆಯುತ್ತದೆ. ಒಂದು ಲಾಟ್ ಎಂದರೆ 5 ಟನ್, ಅಂದರೆ 50 ಕ್ವಿಂಟಲ್. ಬೆಲೆಗೆ ಆಧಾರ ತೆಲಂಗಾಣದ ನಿಜಾಮಾಬಾದ್ ಮಾರುಕಟ್ಟೆ.

ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಡಿಸೆಂಬರ್‌ನಲ್ಲಿ ಏಪ್ರಿಲ್ ವಾಯಿದೆಯ ಬೆಲೆ ಕ್ವಿಂಟಲ್‌ಗೆ 14,000 ರೂಪಾಯಿ. ನಮ್ಮ ರೈತನಿಗೆ ಈರೋಡಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ 500 ಕಡಿಮೆ ಸಿಗುತ್ತದೆ. ಆತ ಈಗಲೇ ಒಂದು ಲಾಟ್ ಮಾರುತ್ತಾನೆ. ಮಾಲು ಕೊಡಬೇಕಾಗಿಲ್ಲ, ಕಟಾವಿನ ನಂತರ ಅದೇ ಲಾಟ್ ವಾಪಸ್ ಕೊಂಡು ಸೌದಾ ಮುಗಿಸಿದರಾಯಿತು.

ಮಾರ್ಚ್‌ಗೆ ವಾಯಿದೆ ಬೆಲೆ 11,000ಕ್ಕೆ ಬಿತ್ತು ಅಂತಿಟ್ಟುಕೊಳ್ಳಿ. ಈರೋಡಿನಲ್ಲಿ ಅರಿಶಿನ 10,500ಕ್ಕೆ ಹೋಯಿತು. ಆದರೆ 14,000ಕ್ಕೆ ಮಾರಿದ್ದನ್ನು 11,000ಕ್ಕೆ ಕೊಂಡಿದ್ದರಿಂದ 3,000 ಲಾಭ. ಒಟ್ಟು 13,500. ಬೆಲೆ 17,000ಕ್ಕೆ ಏರಿದ್ದರೆ? ಈರೋಡಿನಲ್ಲಿ 16,500, ವಾಯಿದೆಯಲ್ಲಿ 3,000 ನಷ್ಟ. ಮತ್ತೆ 13,500. ನಷ್ಟದ ಭಯ ಹೋಯಿತು, ಜೊತೆಗೆ ಹೆಚ್ಚಿನ ಲಾಭದ ಆಸೆಯೂ ಹೋಯಿತು.

ವ್ಯಾಪಾರಿಯ ಭಯ ಇದಕ್ಕೆ ಉಲ್ಟಾ. ಮಸಾಲೆ ಕಂಪನಿಗೆ ಮೂರು ತಿಂಗಳ ನಂತರ ಇಂತಿಷ್ಟು ದರಕ್ಕೆ ಅರಿಶಿನ ಕೊಡುತ್ತೇನೆ ಅಂತ ಒಪ್ಪಿಕೊಂಡವನಿಗೆ ಬೆಲೆ ಏರಿದರೆ ಕಷ್ಟ. ಅದಕ್ಕೆ ಆತ ವಾಯಿದೆಯಲ್ಲಿ ಕೊಂಡಿಟ್ಟುಕೊಳ್ಳುತ್ತಾನೆ.

ಕಾಗದದ ಮೇಲೆ ಎಲ್ಲಾ ಸರಿ. ತೊಂದರೆ ಆಗೋದು ಹಣದ ವಿಷಯದಲ್ಲಿ. ಸೌದಾ ಶುರು ಮಾಡುವಾಗ ಮಾರ್ಜಿನ್ ಅಂತ ಠೇವಣಿ ಇಡಬೇಕು. ಮೇಲಾಗಿ ಲಾಭ-ನಷ್ಟದ ಲೆಕ್ಕ ಪ್ರತಿದಿನ ಚುಕ್ತಾ ಆಗಬೇಕು. ಬೆಲೆ 17,000ಕ್ಕೆ ಏರುವಾಗ 50 ಕ್ವಿಂಟಲ್‌ಗೆ ಒಂದೂವರೆ ಲಕ್ಷ ರೂಪಾಯಿ ಕೈಯಿಂದ ಕಟ್ಟಬೇಕು. ಅರಿಶಿನ ಇನ್ನೂ ನೆಲದೊಳಗೇ ಇದೆ! ಕಟ್ಟಲಾಗದಿದ್ದರೆ ಬ್ರೋಕರ್ ಸೌದಾ ಮುಚ್ಚಿಬಿಡುತ್ತಾನೆ. ಆಮೇಲೆ ಬೆಲೆ ಬಿದ್ದರೆ ಕಟ್ಟಿದ ಹಣವೂ ಹೋಯಿತು, ರಕ್ಷಣೆಯೂ ಹೋಯಿತು.

ಎರಡನೆಯದು ಸ್ಥಳೀಯ ವ್ಯತ್ಯಾಸ. ಈರೋಡಿನ ಬೆಲೆ ನಿಜಾಮಾಬಾದಿಗಿಂತ 500ರ ಬದಲು 1,000 ಕಡಿಮೆಯಾದರೆ ರೈತನಿಗೆ ಉಳಿಯುವುದು 13,000 ಮಾತ್ರ. ಈ ವ್ಯತ್ಯಾಸಕ್ಕೆ ವಾಯಿದೆಯಲ್ಲಿ ಮದ್ದಿಲ್ಲ. ಹಿಂದಿನ ಕೆಲವು ವರ್ಷಗಳ ಎರಡೂ ಕಡೆಯ ಬೆಲೆ ಬರೆದಿಟ್ಟು ನೋಡಿದರೆ ಅದು ಎಷ್ಟು ಅಲುಗಾಡುತ್ತದೆ ಅಂತ ಅಂದಾಜು ಸಿಗುತ್ತದೆ.

ಇನ್ನು 50 ಕ್ವಿಂಟಲ್ ಒಣ ಅರಿಶಿನ ಎಲ್ಲರ ಹೊಲದಲ್ಲೂ ಬೆಳೆಯೋದಿಲ್ಲ. 20 ಕ್ವಿಂಟಲ್ ಬೆಳೆಯುವವನು ಒಂದು ಲಾಟ್ ಮಾರಿದರೆ ಉಳಿದ 30 ಕ್ವಿಂಟಲ್ ಬರೀ ಜೂಜು. ಅಂಥವರು ರೈತ ಉತ್ಪಾದಕ ಸಂಸ್ಥೆಯ ಮೂಲಕ ಬೆಳೆ ಒಟ್ಟುಗೂಡಿಸಿ, ಕೈಗೆ ಬರುವುದು ಖಚಿತವಾದಷ್ಟಕ್ಕೆ ಮಾತ್ರ ಸೌದಾ ಮಾಡುವುದು ಸರಿ.