ತುಟಿಗಿಂತ ಮೊದಲೇ ಬರುವ ಮಾತು

ಗೇಮ್ ಕನ್ಸೋಲ್‌ನ ಎಚ್‌ಡಿಎಂಐ ಕೇಬಲನ್ನು ಮೊದಲು ಆಡಿಯೊ ರಿಸೀವರ್‌ಗೆ, ಅಲ್ಲಿಂದ ಟಿ.ವಿ.ಗೆ ಜೋಡಿಸಿದಾಗ ಕೆಲವೊಮ್ಮೆ ಪಾತ್ರ ಬಾಯಿ ತೆರೆಯುವ ಮೊದಲೇ ಮಾತು ಕೇಳಿಸುತ್ತದೆ. ರಿಸೀವರ್ ಮೇಲೆ ಅನುಮಾನ ಬರುವುದು ಸಹಜ. ಆದರೆ ಸಾಮಾನ್ಯವಾಗಿ ತಡ ಮಾಡುತ್ತಿರುವುದು ಟಿ.ವಿ.

ಚಿತ್ರವೂ ಧ್ವನಿಯೂ ಕನ್ಸೋಲ್‌ನಿಂದ ಒಟ್ಟಿಗೇ ಹೊರಡುತ್ತವೆ. ರಿಸೀವರ್ ಧ್ವನಿಯನ್ನು ಸ್ಪೀಕರ್‌ಗಳಿಗೆ ಕೊಟ್ಟು, ಚಿತ್ರವನ್ನು ಮುಂದಕ್ಕೆ ದಾಟಿಸುತ್ತದೆ. ಟಿ.ವಿ. ಮಾತ್ರ ಆ ಚಿತ್ರದ ಮಸುಕು ತೆಗೆದು, ಚಲನೆಯನ್ನು ನಯಗೊಳಿಸಿ ಆಮೇಲೆ ತೋರಿಸುತ್ತದೆ. ಇದಕ್ಕೆ 100 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯಬಹುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ, ಧ್ವನಿ ಸುಮಾರು 45 ಮಿಲಿಸೆಕೆಂಡ್ ಮುಂದಾದರೇ ನಮಗೆ ಗೊತ್ತಾಗುತ್ತದೆ. ಹಿಂದಾದರೆ ಸುಮಾರು 125ರವರೆಗೂ ಗೊತ್ತಾಗುವುದಿಲ್ಲ. ದೂರದ ಸದ್ದು ತಡವಾಗಿ ತಲುಪುವುದು ಕಿವಿಗೆ ರೂಢಿ. ಮುಂಚಿತವಾಗಿ ಬರುವುದು ರೂಢಿಯಿಲ್ಲ.

ಆದ್ದರಿಂದ ಮೊದಲು ಸರಿಪಡಿಸಬೇಕಾದದ್ದು ಚಿತ್ರ. ಟಿ.ವಿ.ಯಲ್ಲಿ ಗೇಮ್ ಮೋಡ್ ಹಾಕಿದರೆ ಈ ಸಂಸ್ಕರಣೆಯ ಬಹುಪಾಲು ನಿಂತು, ಇಂದಿನ ಅನೇಕ ಟಿ.ವಿ.ಗಳಲ್ಲಿ ವಿಳಂಬ 10–20 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಆಟಗಾರರಿಗೆ ಬೇರೆ ದಾರಿಯೂ ಇಲ್ಲ. ಧ್ವನಿಯನ್ನು ತಡೆದು ಚಿತ್ರಕ್ಕೆ ಹೊಂದಿಸಬಹುದು, ಆದರೆ ಗುಂಡಿ ಒತ್ತಿದ್ದು ಪರದೆಯಲ್ಲಿ ತಡವಾಗಿ ಕಾಣುವುದು ಅದರಿಂದ ತಪ್ಪದು.

ಇಷ್ಟಾದ ಮೇಲೂ ಮಾತು ಮುಂದಿದ್ದರೆ ಮಾತ್ರ ರಿಸೀವರ್‌ನ ಮೆನುವಿಗೆ ಹೋಗಿ. `Lip Sync` ಅಥವಾ `Audio Delay` ಎಂಬ ಆಯ್ಕೆ ಸೊನ್ನೆಯಲ್ಲಿರಲಿ. ಮುಖ ಹತ್ತಿರದಿಂದ ಕಾಣುವ ಸಂಭಾಷಣೆಯೊಂದನ್ನು ಹಾಕಿ. ಪ, ಬ, ಮ ಅಕ್ಷರಗಳಿಗೆ ತುಟಿಗಳು ಕೂಡಲೇಬೇಕು, ಕಣ್ಣು ಅಲ್ಲಿರಲಿ. ಹತ್ತು ಹತ್ತು ಮಿಲಿಸೆಕೆಂಡ್ ಏರಿಸುತ್ತಾ ಹೋಗಿ, ಮಾತು ತುಟಿಗಿಂತ ಹಿಂದೆ ಬಿದ್ದಂತೆ ಅನ್ನಿಸಿದಾಗ ಒಂದು ಹೆಜ್ಜೆ ಹಿಂದೆ ಬನ್ನಿ. ಕನ್ನಡ ಡಬ್ಬಿಂಗ್ ಆವೃತ್ತಿ ಈ ಪರೀಕ್ಷೆಗೆ ಆಗದು. ಅಲ್ಲಿ ತುಟಿ ಬೇರೆ ಭಾಷೆಯದು.

ಒಂದು ಉದಾಹರಣೆ ನೋಡಿ. ಕನ್ಸೋಲ್‌ನಲ್ಲೇ ಸಿನಿಮಾ ನೋಡುವಾಗ ಟಿ.ವಿ. ಸಿನಿಮಾ ಮೋಡ್‌ನಲ್ಲಿದೆ, ವಿಳಂಬ 100. ರಿಸೀವರ್‌ನಲ್ಲೂ 100 ಇಟ್ಟಿರಿ, ಸರಿಹೋಯಿತು. ಆಮೇಲೆ ಆಟ ಶುರುಮಾಡಿದೊಡನೆ ಟಿ.ವಿ. ತಾನಾಗಿಯೇ ಗೇಮ್ ಮೋಡ್‌ಗೆ ಹೋಗಿ ಚಿತ್ರದ ವಿಳಂಬ 15ಕ್ಕೆ ಇಳಿಯಿತು. ರಿಸೀವರ್ ಮಾತ್ರ ಇನ್ನೂ 100ರಷ್ಟು ತಡೆಯುತ್ತಿದೆ. ಈಗ ಗುಂಡಿನ ಸದ್ದು 85 ಮಿಲಿಸೆಕೆಂಡ್ ಹಿಂದೆ. ಕನ್ಸೋಲ್‌ನಿಂದ ಸಿನಿಮಾ ನೋಡುವಾಗಲೂ ಗೇಮ್ ಮೋಡ್ ಉಳಿಸಿಕೊಂಡರೆ ಒಂದೇ ಹೊಂದಾಣಿಕೆ ಎರಡಕ್ಕೂ ಸಾಕು.

ಸೊನ್ನೆಯಲ್ಲೂ ಧ್ವನಿಯೇ ಹಿಂದುಳಿದಿದ್ದರೆ ಈ ಆಯ್ಕೆ ನೆರವಾಗದು. ಅದು ಧ್ವನಿಯನ್ನು ತಡೆಯಬಲ್ಲದು, ಬೇಗ ತರಲಾರದು. ಆಗ ಕನ್ಸೋಲ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಡಾಲ್ಬಿ ಅಥವಾ ಡಿಟಿಎಸ್ ಬದಲು ಪಿಸಿಎಂ ಆರಿಸಿ. ಧ್ವನಿಯನ್ನು ಒತ್ತಿ ಕಟ್ಟುವ, ಮತ್ತೆ ಬಿಚ್ಚುವ ಕೆಲಸ ತಪ್ಪಿ ಅಷ್ಟು ಸಮಯ ಉಳಿಯುತ್ತದೆ.