ಆತುರ ಕೆಫೆಗೆ ಸರಿ, ಬ್ಯಾಂಕಿಗಲ್ಲ

‘ಮಳೆ ಬಂತು ಮಾರಾಯ್ರೇ! ಒಂದು ಫಿಲ್ಟರ್ ಕಾಫಿ ತಗೊಂಡ್ರೆ ಇನ್ನೊಂದು ಫ್ರೀ. ಇವತ್ತು ಸಂಜೆ 4ರಿಂದ 7ರವರೆಗೆ ಮಾತ್ರ, ಬೇಗ ಬನ್ನಿ!’

ಬೀದಿ ಮೂಲೆಯ ಕೆಫೆಯೊಂದು ಇನ್‌ಸ್ಟಾಗ್ರಾಂನಲ್ಲಿ ಹೀಗೆ ಹಾಕಿದರೆ ಯಾರದೂ ತಕರಾರಿಲ್ಲ. ಇದರಲ್ಲಿ ಸಲುಗೆ ಇದೆ, ಆಸೆ ಇದೆ, ಆತುರವೂ ಇದೆ. ನಂಬಿ ಹೋಗಿ ನಿರಾಸೆಯಾದರೂ ಕಳೆದುಕೊಳ್ಳುವುದು ಆಟೋ ಚಾರ್ಜು ಮಾತ್ರ.

ಈಗ ಇನ್ನೊಂದು: ‘ಅಭಿನಂದನೆಗಳು! ನಿಮ್ಮ ರಿವಾರ್ಡ್ ಪಾಯಿಂಟ್‌ಗಳ ಅವಧಿ ಇಂದು ರಾತ್ರಿ ಮುಗಿಯಲಿದೆ. ಕೂಡಲೇ ಈ ಲಿಂಕ್ ಒತ್ತಿ.’ ಮೇಲೆ ಬ್ಯಾಂಕಿನ ಹೆಸರು, ಲಾಂಛನ ಎಲ್ಲ ಇದೆ. ಆದರೆ ದನಿ ಕೆಫೆಯದ್ದು. ವಂಚಕರು ಬರೆಯುವುದೇ ಹೀಗೆ. ಯೋಚಿಸಲು ಬಿಡುವು ಸಿಗಬಾರದೆಂದು ಗಡುವು ಇಡುತ್ತಾರೆ, ಆಸೆಯನ್ನೋ ಹೆದರಿಕೆಯನ್ನೋ ಹುಟ್ಟಿಸುತ್ತಾರೆ. ಆದ್ದರಿಂದ ಬ್ಯಾಂಕಿನ ಜಾಗೃತಿ ಪೋಸ್ಟ್ ಬರೆಯುವವರು ಮೊದಲು ಕೈಬಿಡಬೇಕಾದದ್ದು ಈ ಅವಸರವನ್ನು.

ಹಾಗೆಂದು ‘ಗ್ರಾಹಕರು ತಮ್ಮ ಗೌಪ್ಯ ಮಾಹಿತಿಯನ್ನು ಹಂಚಿಕೊಳ್ಳದೆ ಜಾಗರೂಕರಾಗಿರಲು ಕೋರಲಾಗಿದೆ’ ಎಂಬ ಸುತ್ತೋಲೆ ಕನ್ನಡವೂ ನಾಟುವುದಿಲ್ಲ. ಯಾವ ಮಾಹಿತಿ, ಯಾರು ಕೇಳಿದಾಗ, ಕೇಳಿದರೆ ಏನು ಮಾಡಬೇಕು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಅದನ್ನೇ ಹೀಗೆ ಬರೆದು ನೋಡಿ: ‘ನಿಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಹಾಕಬೇಕಾಗಿಲ್ಲ. ಹಣ ಕಳಿಸುತ್ತೇವೆ, ಪಿನ್ ಒತ್ತಿ ಎಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.’ ಒಂದು ಪೋಸ್ಟಿಗೆ ಒಂದೇ ಮೋಸ ಸಾಕು. ಐದನ್ನು ತುರುಕಿದರೆ ಯಾವುದೂ ನೆನಪಿನಲ್ಲಿ ಉಳಿಯದು. ಇಲ್ಲಿ ಲಿಂಕ್ ಇಲ್ಲದಿರುವುದೂ ಬೇಕೆಂದೇ. ಲಿಂಕ್ ಒತ್ತಬೇಡಿ ಎನ್ನುವ ಪೋಸ್ಟಿನ ಅಡಿಯಲ್ಲೇ ‘ಹೆಚ್ಚಿನ ವಿವರಕ್ಕೆ ಇಲ್ಲಿ ಒತ್ತಿ’ ಎಂದಿರುವುದನ್ನು ಕಂಡು ನಕ್ಕಿದ್ದೇನೆ.

ಇನ್ನೊಂದು ಸೂಕ್ಷ್ಮ, ಬೈಗುಳದ್ದು. ‘ದುರಾಸೆಗೆ ಬಲಿಯಾಗಬೇಡಿ’ ಎಂಬ ಸಾಲು ಮೋಸ ಹೋದವರನ್ನೇ ತಪ್ಪಿತಸ್ಥರನ್ನಾಗಿಸುತ್ತದೆ. ನಾಚಿಕೆಪಟ್ಟವರು ಮನೆಯವರಿಗೂ ಹೇಳದೆ ಕೂರುತ್ತಾರೆ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ದಾಟಿರುತ್ತದೆ. ತಡವಾದಷ್ಟೂ ತಡೆಹಿಡಿಯುವುದು ಕಷ್ಟ.

ತಮಾಷೆಗೆ ಮಾತ್ರ ಅಡ್ಡಿಯಿಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2022ರಲ್ಲಿ ‘ವಿಜಿಲ್ ಆಂಟಿ’ ಎಂಬ ಪಾತ್ರವನ್ನೇ ಸೃಷ್ಟಿಸಿ ಎಚ್ಚರಿಕೆ ಹೇಳಿಸಿತು. ನಗು ವಂಚಕನ ಮೇಲಿರಬೇಕು, ಮೋಸಹೋದವರ ಮೇಲಲ್ಲ ಅಷ್ಟೆ.

ಕೆಫೆಗೂ ಗಂಭೀರವಾಗಬೇಕಾದ ಜಾಗ ಒಂದಿದೆ, ಷರತ್ತಿನ ಸಾಲು. ‘ಪಾರ್ಸೆಲ್‌ಗೆ ಇಲ್ಲ’ ಎಂಬುದನ್ನು ದೊಡ್ಡಕ್ಷರದಲ್ಲೇ ಹಾಕಿದರೆ ಕೌಂಟರಿನಲ್ಲಿ ಜಗಳ ತಪ್ಪುತ್ತದೆ.

ನಿಜವಾದ ತೊಡಕು ಇರುವುದು ಬ್ಯಾಂಕು ತಾನೇ ಆಫರ್ ಮಾರಲು ಹೊರಟಾಗ. ಬೆಳಿಗ್ಗೆ ‘ಅವಸರಪಡಿಸುವವರನ್ನು ನಂಬಬೇಡಿ’ ಎಂದ ಪುಟದಲ್ಲೇ ಸಂಜೆ ‘ಕ್ರೆಡಿಟ್ ಕಾರ್ಡ್ ಆಫರ್, ಇವತ್ತೇ ಕೊನೆ, ಈಗಲೇ ಒತ್ತಿ’ ಎಂದರೆ ಗ್ರಾಹಕ ಯಾವುದನ್ನು ಕಲಿಯಬೇಕು? ಆಫರ್ ಇರಲಿ, ಕೊನೆಯ ದಿನಾಂಕವೂ ಇರಲಿ. ಆದರೆ ಒತ್ತಲು ಲಿಂಕ್ ಕೊಡುವ ಬದಲು ‘ನಿಮ್ಮ ಫೋನಿನಲ್ಲಿರುವ ಬ್ಯಾಂಕ್ ಆ್ಯಪ್ ತೆರೆದು ನೋಡಿ’ ಎನ್ನಬಹುದು.